ರಾತ್ರಿ ಪಾಳಿಯವರು ಓದುವ ಪುಟ

ರಾತ್ರಿ ಹನ್ನೊಂದರ ಹೊತ್ತಿಗೆ ಮನೋರೋಗ ವಾರ್ಡಿನ ನರ್ಸ್ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಏಳನೇ ಬೆಡ್ಡಿನವರು ಮಲಗಿಲ್ಲ, ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಾರೆ, ಕೂತರೂ ಎರಡು ನಿಮಿಷಕ್ಕೆ ಎದ್ದುಬಿಡುತ್ತಾರೆ. ಡ್ಯೂಟಿ ಡಾಕ್ಟರು ಈ ರೋಗಿಯನ್ನು ಹಿಂದೆ ನೋಡಿದವರಲ್ಲ. ಫೈಲು ತೆರೆದರೆ ಅಂದಿನ ಬೆಳಗಿನ ಬರಹ ಇಷ್ಟೇ: ‘ರೋಗಿ ಆರಾಮ. ಹೊಸ ದೂರಿಲ್ಲ. ಆತ್ಮಹತ್ಯೆಯ ಆಲೋಚನೆ ಅಲ್ಲಗಳೆಯುತ್ತಾರೆ. ಸಿಎಸ್‌ಟಿ.’ ಕೊನೆಯದು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ನೂರಾರು ಸಲ ಬರೆಯುವ ಚುಟುಕು: ‘ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್’, ಇದೇ ಚಿಕಿತ್ಸೆ ಮುಂದುವರಿಯಲಿ.

ಚಡಪಡಿಕೆಗೆ ಕನಿಷ್ಠ ಮೂರು ಕಾರಣಗಳಿರಬಹುದು. ಖಿನ್ನತೆಯೇ ಉಲ್ಬಣಿಸಿರಬಹುದು. ಕುಡಿತದ ಅಭ್ಯಾಸವಿದ್ದವರಾದರೆ, ದಾಖಲಾದ ಎರಡು-ಮೂರು ದಿನಗಳಲ್ಲಿ ಮದ್ಯ ನಿಂತದ್ದರ ಪರಿಣಾಮ ಕಾಣಿಸಿಕೊಂಡಿರಬಹುದು. ಇಲ್ಲವೇ ಹೊಸ ಔಷಧದ ಅಡ್ಡಪರಿಣಾಮವಾಗಿರಬಹುದು. ಸೈಕೋಸಿಸ್‌ಗೆ ಕೊಡುವ ಮಾತ್ರೆಗಳನ್ನು ಶುರು ಮಾಡಿದಾಗ ಅಥವಾ ಪ್ರಮಾಣ ಏರಿಸಿದಾಗ ಕೆಲವರಿಗೆ ಕಾಲು ಒಂದೆಡೆ ನಿಲ್ಲದಂಥ ಯಾತನೆ ಬರುತ್ತದೆ. ಅದನ್ನು ಅಕಥಿಸಿಯಾ ಎನ್ನುತ್ತಾರೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಅಕಥಿಸಿಯಾ ಇರುವವರನ್ನು ಕಾಯಿಲೆಯೇ ಕೆರಳಿದೆ ಎಂದುಕೊಂಡು ಅದೇ ಮಾತ್ರೆ ಹೆಚ್ಚಿಸಿದರೆ ಯಾತನೆ ಇಮ್ಮಡಿಯಾಗುತ್ತದೆ. ಬೆಳಿಗ್ಗೆ ಈ ವ್ಯಕ್ತಿ ಸುಮ್ಮನೆ ಕೂತಿದ್ದರೇ? ಕೈ ನಡುಗುತ್ತಿತ್ತೇ? ಕೊನೆಯ ಸಲ ಕುಡಿದದ್ದು ಯಾವಾಗ? ‘ಆರಾಮ’ ಎಂಬ ಪದದಲ್ಲಿ ಇದಕ್ಕೆ ಉತ್ತರವಿಲ್ಲ.

ಮನೋವೈದ್ಯರು ಪ್ರತಿ ಭೇಟಿಯ ನಂತರ ಬರೆಯುವ ಈ ಟಿಪ್ಪಣಿಗೆ ‘ಪ್ರೋಗ್ರೆಸ್ ನೋಟ್’ ಎಂದು ಹೆಸರು. ಸಕ್ಕರೆ ಕಾಯಿಲೆಯವರ ಫೈಲಿನಲ್ಲಿ ರಕ್ತದ ವರದಿ ಇರುತ್ತದೆ, ಮೂಳೆ ಮುರಿದವರದ್ದರಲ್ಲಿ ಎಕ್ಸ್‌ರೇ. ಖಿನ್ನತೆಯನ್ನೋ ಸ್ಕಿಜೋಫ್ರೇನಿಯಾವನ್ನೋ ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ವೈದ್ಯರು ಕಂಡದ್ದು, ಕೇಳಿಸಿಕೊಂಡದ್ದು, ಅದನ್ನು ಬರೆದಿಟ್ಟ ರೀತಿ, ಇವೇ ಇಲ್ಲಿ ವರದಿ. ಬರವಣಿಗೆ ಮಸುಕಾದರೆ ಪರೀಕ್ಷೆಯೇ ಮಸುಕಾದಂತೆ.

ಈಗ ಅದೇ ಏಳನೇ ಬೆಡ್ಡಿನವರ ಬಗ್ಗೆ ಬೇರೊಬ್ಬರು ಬರೆದಿದ್ದರೆ ಹೇಗಿರುತ್ತಿತ್ತು ಎಂದು ನೋಡೋಣ. ಇದು ವಿವರಣೆಗಾಗಿ ಕಟ್ಟಿಕೊಂಡ ಪ್ರಕರಣ. ಯಾವ ಒಬ್ಬ ರೋಗಿಯದ್ದೂ ಅಲ್ಲ. ಮಲೆನಾಡಿನ ಕಡೆಯ ನಲವತ್ತೆರಡು ವರ್ಷದ ಅಡಿಕೆ ಬೆಳೆಗಾರ. ಎರಡು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ತೋಟದ ಕಡೆ ತಲೆ ಹಾಕಿಲ್ಲ. ಸಾಯುವ ಮಾತಾಡಿದ್ದಕ್ಕೆ ಮನೆಯವರು ಹೆದರಿ ಕರೆತಂದಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಟಿಪ್ಪಣಿಯನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ರೋಗಿಯ ಮಾತನ್ನು ಮಾತ್ರ ಅವರು ಆಡಿದ ಭಾಷೆಯಲ್ಲೇ ಉಳಿಸುತ್ತಾರೆ. ಓದುಗರ ಅನುಕೂಲಕ್ಕೆ ಇಲ್ಲಿ ಎಲ್ಲವೂ ಕನ್ನಡದಲ್ಲಿದೆ:

‘ಬೆಳಿಗ್ಗೆ 10.20, ದಾಖಲಾಗಿ ನಾಲ್ಕನೇ ದಿನ. ಪ್ರತ್ಯೇಕ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ 25 ನಿಮಿಷ ಮಾತಾಡಲಾಯಿತು. ಆಮೇಲೆ ಅವರ ಒಪ್ಪಿಗೆ ಪಡೆದು ತಮ್ಮನ ಜೊತೆ ಮಾತು. ದಾಖಲಾದ ಮೇಲೆ ಮೊದಲ ಸಲ ಗಡ್ಡ ತೆಗೆಸಿಕೊಂಡಿದ್ದಾರೆ. ಇಡೀ ಹೊತ್ತು ಕುರ್ಚಿಯಲ್ಲಿ ಕೂತಿದ್ದರು, ಕಾಲು ಅಲುಗಾಡಿಸಲಿಲ್ಲ, ಕೈ ನಡುಕವಿಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಐದಾರು ಸೆಕೆಂಡು ಬೇಕಾಗುತ್ತಿತ್ತು, ದನಿ ಸಣ್ಣದು. ಮನಸ್ಸು ಹೇಗಿದೆ ಎಂದು ಕೇಳಿದಾಗ, “ಎಲ್ಲಾ ಖಾಲಿ ಆಗಿದೆ ಡಾಕ್ಟ್ರೆ, ಅಳೋಕ್ಕೂ ಬರ್ತಿಲ್ಲ.” ಮುಖಭಾವದಲ್ಲಿ ಏರಿಳಿತ ಕಡಿಮೆ, ಮಗಳ ಮಾತು ಬಂದಾಗ ಒಮ್ಮೆ ನಕ್ಕರು. ತೋಟ ಹರಾಜಾಗಿದೆ, ಬ್ಯಾಂಕಿನವರು ಆಸ್ಪತ್ರೆ ಗೇಟಿನಲ್ಲಿ ನಿಂತಿದ್ದಾರೆ ಎಂದರು. ಸಾಲ ತೀರಿದ ಬ್ಯಾಂಕಿನ ಪತ್ರವನ್ನು ತಮ್ಮ ತಂದಿದ್ದಾರೆ, ನೋಡಲಾಗಿದೆ. ಪತ್ರ ತೋರಿಸಿದಾಗ, “ನನ್ನ ಸಮಾಧಾನಕ್ಕೆ ಮಾಡಿಸಿದ ಕಾಗದ ಅದು.” ಮದ್ಯ: ವರ್ಷಕ್ಕೆ ಒಂದೆರಡು ಸಲ, ಹಬ್ಬದಲ್ಲಿ, ತಮ್ಮನೂ ಹಾಗೆಯೇ ಹೇಳಿದರು. ರಿಸ್ಪೆರಿಡೋನ್ ಇಂದು ರಾತ್ರಿಯಿಂದ 2ರ ಬದಲು 4 ಮಿಲಿಗ್ರಾಂ.’

ರಾತ್ರಿ ಹನ್ನೊಂದಕ್ಕೆ ಇದನ್ನು ಓದುವವರ ಕೆಲಸ ಎಷ್ಟು ಹಗುರವಾಯಿತು ನೋಡಿ. ಬೆಳಿಗ್ಗೆ ಇಪ್ಪತ್ತೈದು ನಿಮಿಷ ಕದಲದೆ ಕೂತಿದ್ದವರು ಈಗ ನಿಲ್ಲಲಾರರು. ಕುಡಿತದ ಹಿನ್ನೆಲೆಯಿಲ್ಲ. ಮಾತ್ರೆ ಏರಿದ್ದು ಇವತ್ತೇ ಸಂಜೆಯ ಊಟದ ನಂತರ. ಡ್ಯೂಟಿ ಡಾಕ್ಟರು ಹೋಗಿ ‘ಮನಸ್ಸಿಗೆ ತಳಮಳವೋ, ಕಾಲಿಗೋ?’ ಎಂದು ಕೇಳಬಹುದು. ‘ಕಾಲು ಒಳಗಿಂದ ಎಳೆದ ಹಾಗೆ ಆಗುತ್ತೆ’ ಎಂಬ ಉತ್ತರ ಬಂದರೆ ಪ್ರಮಾಣ ಇಳಿಸಬೇಕು, ಬೇಕಿದ್ದರೆ ಪ್ರೊಪ್ರಾನೊಲಾಲ್‌ನಂಥ ಮಾತ್ರೆ ಕೊಡಬೇಕು ಎಂಬ ದಾರಿ ತೆರೆಯುತ್ತದೆ. ಜೊತೆಗೆ ಇನ್ನೊಂದು ಎಚ್ಚರ: ಈ ಯಾತನೆ ಬದುಕೇ ಬೇಡ ಎನ್ನುವಷ್ಟು ತೀವ್ರವಾಗಬಲ್ಲದು. ಮೊದಲೇ ಸಾವಿನ ಯೋಚನೆಯಿರುವವರಲ್ಲಿ ಬೆಳಗಿನವರೆಗೆ ಕಾಯುವಂತಿಲ್ಲ.

ಟಿಪ್ಪಣಿಯಲ್ಲಿ ‘ಮನಸ್ಸು ಹೇಗಿದೆ’ ಎಂಬುದೂ ಮುಖಭಾವವೂ ಬೇರೆ ಬೇರೆಯಾಗಿ ಬಂದಿವೆ. ಮೊದಲನೆಯದು ರೋಗಿ ಹೇಳಿಕೊಂಡದ್ದು, ಎರಡನೆಯದು ವೈದ್ಯರು ಕಂಡದ್ದು. ಇವೆರಡೂ ತಾಳೆಯಾಗದಿದ್ದಾಗಲೇ ಮುಖ್ಯ ಸುಳಿವು ಸಿಗುವುದು. ‘ಚೆನ್ನಾಗಿದ್ದೇನೆ’ ಎನ್ನುತ್ತಾ ಕಣ್ಣು ತುಂಬಿಕೊಂಡವರ ಬಗ್ಗೆ ‘ಮನಃಸ್ಥಿತಿ ಉತ್ತಮ’ ಎಂದು ಬರೆದರೆ ಅರ್ಧ ಸತ್ಯ ಫೈಲಿನಿಂದ ಬಿದ್ದುಹೋಗುತ್ತದೆ. ಜರ್ಮನಿಯ ಕಾರ್ಲ್ ಯಾಸ್ಪರ್ಸ್ 1913ರಲ್ಲಿ ಹೊರತಂದ ತಮ್ಮ ಮನೋರೋಗಶಾಸ್ತ್ರದ ಗ್ರಂಥದಲ್ಲಿ, ವ್ಯಾಖ್ಯಾನಕ್ಕೆ ಇಳಿಯುವ ಮುನ್ನ ರೋಗಿಯ ಅನುಭವವನ್ನು ಅದಿರುವಂತೆಯೇ ವರ್ಣಿಸಬೇಕು ಎಂದು ಪಟ್ಟು ಹಿಡಿದರು. ಉಡುಪು-ನಡವಳಿಕೆಯಿಂದ ಶುರುವಾಗಿ ಮಾತು, ಮನಸ್ಸು, ಆಲೋಚನೆ, ಗ್ರಹಿಕೆ, ನೆನಪು, ವಿವೇಚನೆ ಎಂದು ಸಾಗುವ ಮಾನಸಿಕ ಸ್ಥಿತಿ ಪರೀಕ್ಷೆಯ ಹಿಂದೆ ಈ ಶಿಸ್ತು ಇದೆ. ಏಕಾಗ್ರತೆ ನೋಡಲು ಪಾಶ್ಚಾತ್ಯ ಪುಸ್ತಕಗಳು ನೂರರಿಂದ ಏಳೇಳು ಕಳೆಯಲು ಹೇಳಿಸುತ್ತವೆ. ನಮ್ಮಲ್ಲಿ ಶಾಲೆ ಕಂಡದ್ದು ಕಡಿಮೆ ಇರುವವರಿಗೆ ನಲವತ್ತರಿಂದ ಮೂರು ಮೂರು, ಅಥವಾ ಇಪ್ಪತ್ತರಿಂದ ಒಂದೊಂದು ಕಳೆಯಲು ಹೇಳುವುದುಂಟು. ಯಾವುದನ್ನು ಕೇಳಿದೆ, ಎಲ್ಲಿ ತಪ್ಪಿದರು ಎಂದು ಬರೆದರೆ ಮುಂದಿನವರು ಹೋಲಿಸಬಹುದು. ‘ಏಕಾಗ್ರತೆ ಕಡಿಮೆ’ ಎಂದಷ್ಟೇ ಬರೆದರೆ ಎಷ್ಟು ಕಡಿಮೆಯೋ ದೇವರೇ ಬಲ್ಲ.

ಬ್ಯಾಂಕಿನ ಪತ್ರದ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಬೆಳೆಗಾರನೊಬ್ಬ ಸಾಲ, ಹರಾಜು ಎಂದು ಕಂಗೆಟ್ಟರೆ ಅದು ಕಾಯಿಲೆಯ ಲಕ್ಷಣವೇ ಆಗಬೇಕೆಂದಿಲ್ಲ. ಎಷ್ಟೋ ಮನೆಗಳಲ್ಲಿ ಅದು ನಿಜ. ‘ಬಡತನದ ಡೆಲ್ಯೂಷನ್ ಇದೆ’ ಎಂದು ಬರೆಯುವ ಮುನ್ನ ವಿಚಾರಿಸಬೇಕು, ವಿಚಾರಿಸಿದ್ದನ್ನೂ ಬರೆಯಬೇಕು. ನಂಬಿಕೆ ಸುಳ್ಳೆಂಬುದಷ್ಟೇ ಸಾಲದು. ಪುರಾವೆ ಮುಂದಿಟ್ಟಾಗ ಏನಾಯಿತು, ಸಂಶಯ ಮೂಡಿತೇ ಅಥವಾ ಪುರಾವೆಯೇ ಪಿತೂರಿಯಾಗಿ ಕಂಡಿತೇ ಎಂಬುದರಿಂದ ಅದರ ಬಿಗಿ ತಿಳಿಯುತ್ತದೆ. ಸಂಸ್ಕೃತಿಗೆ ಸಹಜವಾದ ನಂಬಿಕೆಯನ್ನು ಡೆಲ್ಯೂಷನ್ ಎನ್ನಬಾರದೆಂಬುದು ಈ ಶಾಸ್ತ್ರದ ಮೂಲ ಪಾಠ. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವ ಹೆಂಗಸನ್ನೋ, ತೀರಿಕೊಂಡ ಗಂಡ ಜಗುಲಿಯಲ್ಲಿ ಕೂತಂತೆ ಕಂಡಿತು ಎನ್ನುವ ಅಜ್ಜಿಯನ್ನೋ ಸೈಕೋಸಿಸ್ ಎಂಬ ಶೀರ್ಷಿಕೆಯಡಿ ಸೇರಿಸುವ ಮೊದಲು, ಇದು ನಿಮ್ಮ ಕಡೆ ನಡೆಯುವಂಥದ್ದೇ, ಈ ಸಲ ಏನಾದರೂ ಬೇರೆ ಅನ್ನಿಸಿತೇ ಎಂದು ಮನೆಯವರನ್ನು ಕೇಳಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಇನ್ನು ಅಪಾಯದ ಅಂದಾಜು. ಟಿಪ್ಪಣಿಯ ಅತಿ ಕಷ್ಟದ ಭಾಗ ಇದೇ.

ಸಾವಿನ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಮನೆಯವರಿಗಿರಲಿ, ಕೆಲವು ವೈದ್ಯರಿಗೂ ಇದೆ. ಅದು ಹಾಗಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೇಳುವುದಕ್ಕೊಂದು ಕ್ರಮವಿದೆ. ಬದುಕು ಸಾಕೆನಿಸಿದೆಯೇ ಎಂಬಲ್ಲಿಂದ ಆರಂಭಿಸಿ, ಸಾಯಬೇಕೆನಿಸುತ್ತದೆಯೇ, ಹೇಗೆಂದು ಯೋಚಿಸಿದ್ದೀರಾ, ಅದಕ್ಕೆ ಏನಾದರೂ ಸಿದ್ಧತೆ ಮಾಡಿಕೊಂಡಿದ್ದೀರಾ, ಮಾಡಿಯೇ ತೀರುತ್ತೇನೆ ಅನ್ನಿಸುತ್ತದೆಯೇ, ಇದುವರೆಗೆ ತಡೆದದ್ದು ಏನು ಎಂಬಲ್ಲಿಯವರೆಗೆ ಹಂತ ಹಂತವಾಗಿ ಹೋಗಬೇಕು. ಇವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳಲ್ಲ. ‘ದೇವರು ಕರ್ಕೊಂಡ್ರೆ ಸಾಕು’ ಎನ್ನುವ ಎಂಬತ್ತರ ಮುದುಕರಿಗೂ, ಆಸ್ತಿಪತ್ರ ಯಾರ ಕೈಗೋ ಒಪ್ಪಿಸಿ ಬಂದ ನಲವತ್ತರವರಿಗೂ ‘ಆತ್ಮಹತ್ಯೆಯ ಆಲೋಚನೆ: ಇದೆ’ ಎಂಬ ಒಂದೇ ಗೆರೆ ಹೊಂದುವುದಿಲ್ಲ.

ನಮ್ಮ ಬೆಳೆಗಾರರ ಟಿಪ್ಪಣಿ ಹೀಗೆ ಮುಂದುವರಿಯಬಹುದು: ‘ಸಾವಿನ ಯೋಚನೆ ಬಗ್ಗೆ ನೇರವಾಗಿ ಕೇಳಲಾಯಿತು. “ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತೆ, ಆಗ ಬರುತ್ತೆ. ಬೆಳಕಾದ್ ಮೇಲೆ ತಡ್ಕೋಬಹುದು.” ನಿನ್ನೆ, ಇಂದು ಎರಡೂ ದಿನ ಬಂದಿದೆ. ಮನೆಯಲ್ಲಿದ್ದಾಗ ತೋಟದ ಔಷಧಿ ಇಟ್ಟ ಕೊಟ್ಟಿಗೆಯವರೆಗೆ ಒಮ್ಮೆ ಹೋಗಿ ವಾಪಸು ಬಂದಿದ್ದನ್ನು ಇಂದು ಮೊದಲ ಸಲ ಹೇಳಿದರು. ತಡೆದದ್ದೇನು ಎಂದಾಗ, “ಮಗಳ ಎಸ್ಸೆಸ್ಸೆಲ್ಸಿ ಹತ್ರ ಬಂತು.” ವಾರ್ಡಿನಲ್ಲಿ ಹಾಗೇನೂ ಮಾಡಿಕೊಳ್ಳುವ ಉದ್ದೇಶವಿಲ್ಲ ಎಂದರು. ಇನ್ನೊಬ್ಬರಿಗೆ ಹಾನಿ ಮಾಡುವ ಯೋಚನೆ ಕೇಳಲಾಯಿತು, ಇಲ್ಲ ಎಂದರು. ಗೇಟಿನಲ್ಲಿರುವ ಬ್ಯಾಂಕಿನವರ ಮೇಲೆ ಸಿಟ್ಟಿಲ್ಲ, ಭಯವಿದೆ.’

ಇದರ ಕೆಳಗೆ ‘ಅಪಾಯ: ಮಧ್ಯಮ’ ಎಂದು ಗುರುತು ಹಾಕಿ ಮುಗಿಸುವುದು ಬಹಳ ಕಡೆ ರೂಢಿ. ಆ ಪದ ಎಷ್ಟು ಟೊಳ್ಳು ಎಂಬುದಕ್ಕೆ ಹಳೆಯ ಸಾಕ್ಷಿಯೇ ಇದೆ. ಅಮೆರಿಕದ ಮನೋವೈದ್ಯ ಅಲೆಕ್ಸ್ ಪೊಕೊರ್ನಿ, ಮಾಜಿ ಸೈನಿಕರ ಆಸ್ಪತ್ರೆಗೆ ದಾಖಲಾದ 4,800 ಮಂದಿಯನ್ನು ಹಲವು ಅಳತೆಗೋಲುಗಳಿಂದ ಪರೀಕ್ಷಿಸಿ, ವರ್ಷಗಟ್ಟಲೆ ಹಿಂಬಾಲಿಸಿ, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ ಆತ್ಮಹತ್ಯೆಯಿಂದ ಸತ್ತವರು 67 ಮಂದಿ. ‘ಹೆಚ್ಚು ಅಪಾಯ’ದ ಗುಂಪಿಗೆ ಸೇರಿದವರಲ್ಲಿ ಬಹುಪಾಲು ಜನ ಹಾಗೆ ಸಾಯಲಿಲ್ಲ, ಸತ್ತವರಲ್ಲಿ ಅನೇಕರು ಆ ಗುಂಪಿನಲ್ಲೇ ಇರಲಿಲ್ಲ. ಅಪರೂಪದ ಘಟನೆಯನ್ನು ವ್ಯಕ್ತಿವಾರು ಮುಂಚಿತವಾಗಿ ಹೇಳಲು ಹೊರಟರೆ ಗಣಿತವೇ ಅಡ್ಡ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ‘ನೈಸ್’ ಸಂಸ್ಥೆ 2022ರಲ್ಲಿ, ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಇಂಥ ಅಳತೆಗೋಲುಗಳನ್ನು ಬಳಸಬೇಡಿ, ಕಡಿಮೆ-ಮಧ್ಯಮ-ಹೆಚ್ಚು ಎಂದು ಜನರನ್ನು ವಿಂಗಡಿಸಬೇಡಿ ಎಂದು ಸ್ಪಷ್ಟವಾಗಿ ಹೇಳಿತು. ‘ಕಡಿಮೆ’ ಎಂಬ ಗುರುತು ಬಿದ್ದ ಕೂಡಲೇ ಆರೈಕೆಯೂ ಕಡಿಮೆಯಾಗುವ ಅಪಾಯ ಇದ್ದೇ ಇರುತ್ತದೆ.

ಹಾಗಾದರೆ ಏನು ಬರೆಯಬೇಕು? ಯಾವ ಹೊತ್ತಿನಲ್ಲಿ, ಯಾವುದರಿಂದ ಅಪಾಯ ಏರುತ್ತದೆ, ಯಾವುದು ತಗ್ಗಿಸುತ್ತದೆ, ಅದಕ್ಕೆ ಇವತ್ತು ಯಾರು ಏನು ಮಾಡುತ್ತಾರೆ ಎಂದು. ‘ಬೆಳಗಿನ ಜಾವ ಯೋಚನೆ ತೀವ್ರ, ನಾಲ್ಕರಿಂದ ಆರರವರೆಗೆ ನರ್ಸ್ ಹತ್ತಿರದಲ್ಲಿದ್ದು ಗಮನಿಸಬೇಕು, ಎಚ್ಚರವಿದ್ದರೆ ಮಾತಾಡಿಸಬೇಕು. ಹರಾಜಿನ ನಂಬಿಕೆ ಬಿಗಿಯಾಗಿರುವವರೆಗೆ ಮನೆಗೆ ಕಳಿಸುವ ಮಾತು ಬೇಡ. ರಜೆ ಕೇಳಿದರೆ ಹಿರಿಯ ವೈದ್ಯರು ನೋಡಬೇಕು. ಹೊಸ ಚಡಪಡಿಕೆ, ಒಮ್ಮೆಲೇ ಗೆಲುವಾಗುವುದು, ಮಗಳ ಪರೀಕ್ಷೆಯ ಬಗ್ಗೆ ಕೆಟ್ಟ ಸುದ್ದಿ, ಇವುಗಳಲ್ಲಿ ಯಾವುದಾದರೂ ಆದರೆ ಆಗಲೇ ಮರುಪರೀಕ್ಷೆ. ತೋಟದ ಔಷಧಿಯನ್ನು ಇಂದೇ ಮನೆಯಿಂದ ಸಾಗಿಸುವುದಾಗಿ ತಮ್ಮ ಒಪ್ಪಿದ್ದಾರೆ. ನಾಳೆ ಸಮಾಜ ಕಾರ್ಯಕರ್ತರು ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.’ ಇದು ಭವಿಷ್ಯವಾಣಿಯಲ್ಲ, ಕೆಲಸದ ಪಟ್ಟಿ. ನಮ್ಮ ಹಳ್ಳಿಗಳಲ್ಲಿ ಕೀಟನಾಶಕ ಕೈಗೆಟುಕುವಷ್ಟು ಹತ್ತಿರವಿರುತ್ತದೆ. ಸಾಯಬೇಕೆಂಬ ತೀವ್ರ ಒತ್ತಡವೋ ಹಲವರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿಸುವುದರಲ್ಲಿ ಕೊಟ್ಟಿಗೆಯ ಬೀಗಕ್ಕೂ ಮಾತ್ರೆಯಷ್ಟೇ ಪಾತ್ರವಿದೆ.

ಟಿಪ್ಪಣಿಯ ಭಾಷೆಗೆ ಗೌರವ ಬೇಕೆಂದಾಗ ಕೆಲವು ವೈದ್ಯರು ಇದೇನು ಉಪಚಾರದ ಮಾತೇ ಎಂದು ಮೂಗು ಮುರಿಯುತ್ತಾರೆ. 2018ರಲ್ಲಿ ಪ್ರಕಟವಾದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರು ಸೇರಿ 413 ಮಂದಿಗೆ ಸಿಕಲ್ ಸೆಲ್ ಕಾಯಿಲೆಯ ನೋವಿನಿಂದ ಬಂದ ಒಬ್ಬ ಕಾಲ್ಪನಿಕ ರೋಗಿಯ ಟಿಪ್ಪಣಿ ಓದಲು ಕೊಟ್ಟರು. ವೈದ್ಯಕೀಯ ಮಾಹಿತಿ ಒಂದೇ, ಧಾಟಿ ಮಾತ್ರ ಎರಡು ಬಗೆ: ಒಂದು ತಟಸ್ಥ, ಇನ್ನೊಂದು ಸಂಶಯ-ಮೂದಲಿಕೆಯದ್ದು. ಎರಡನೆಯದನ್ನು ಓದಿದವರಿಗೆ ರೋಗಿಯ ಬಗ್ಗೆ ಅಭಿಪ್ರಾಯ ಕೆಟ್ಟಿತು. ಅವರು ನೋವಿಗೆ ಸೂಚಿಸಿದ ಚಿಕಿತ್ಸೆಯೂ ಅಳುಕಿನದ್ದಾಗಿತ್ತು. ಒಬ್ಬರ ಬರಹ ಇನ್ನೊಬ್ಬರ ಕೈಯ ಔಷಧವನ್ನು ಬದಲಿಸಿತು.

ಮನೋರೋಗ ವಿಭಾಗದ ಫೈಲುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ‘ನಾಟಕ ಮಾಡುತ್ತಾಳೆ’, ‘ಗಮನ ಸೆಳೆಯಲು ಕೈ ಕುಯ್ದುಕೊಂಡಿದ್ದಾಳೆ’, ‘ಸಹಕರಿಸುವುದಿಲ್ಲ’, ‘ಹೇಳಿದ ಮಾತ್ರೆ ನುಂಗದ ರೋಗಿ’. ಇವೆಲ್ಲ ಬರೆದವರ ತೀರ್ಪುಗಳು, ಕಂಡ ಸಂಗತಿಗಳಲ್ಲ. ಮಾತ್ರೆಯನ್ನೇ ತೆಗೆದುಕೊಳ್ಳಿ: ‘ರಾತ್ರಿ ಮಾತ್ರೆ ವಾರದಲ್ಲಿ ಮೂರು ದಿನ ತೆಗೆದುಕೊಂಡಿಲ್ಲ, ಮಂಪರು ಇಳಿಯದೆ ಬೆಳಿಗ್ಗೆ ಐದಕ್ಕೆ ಹಾಲು ಕರೆಯಲು ಏಳಲಾಗುವುದಿಲ್ಲ ಎಂದರು’ ಎಂದು ಬರೆದರೆ ಪರಿಹಾರ ಅದೇ ವಾಕ್ಯದಲ್ಲಿದೆ, ಮಾತ್ರೆಯ ಹೊತ್ತು ಹಿಂದೆ ಸರಿಸಬಹುದು. ಮೊದಲು ಕಂಡ ‘ಅಲ್ಲಗಳೆಯುತ್ತಾರೆ’ ಎಂಬ ಪದವೂ ಇದೇ ಜಾತಿಯದು. ಕಟಕಟೆಯಲ್ಲಿ ನಿಂತವರ ಬಗ್ಗೆ ಹೇಳಿದಂತಿರುತ್ತದೆ, ಕೇಳಿದ್ದು ಏನೆಂದೂ ತಿಳಿಯುವುದಿಲ್ಲ. ‘ಕೇಳಿದಾಗ ಇಲ್ಲ ಎಂದರು, ಹೆಂಡತಿ ಪಕ್ಕದಲ್ಲೇ ಇದ್ದರು’ ಎಂದು ಬರೆದರೆ, ನಾಳೆ ಒಬ್ಬರನ್ನೇ ಕೂರಿಸಿ ಕೇಳಬೇಕೆಂದು ಓದಿದವರಿಗೆ ತಾನಾಗಿ ಹೊಳೆಯುತ್ತದೆ.

ಗೌರವವೆಂದರೆ ಕಹಿ ಸಂಗತಿ ಮುಚ್ಚಿಡುವುದೂ ಅಲ್ಲ. ರೋಗಿ ನರ್ಸಿಗೆ ಹೊಡೆದಿದ್ದರೆ ಬರೆಯಲೇಬೇಕು. ‘ಆಕ್ರಮಣಕಾರಿ ಸ್ವಭಾವ’ ಎಂದು ಬರೆದರೆ ಅದು ಹತ್ತು ವರ್ಷ ಆ ಮನುಷ್ಯನ ಬೆನ್ನು ಬಿಡದು, ಕಂಪ್ಯೂಟರ್ ದಾಖಲೆಯ ಕಾಪಿ-ಪೇಸ್ಟ್ ಕಾಲದಲ್ಲಂತೂ ಪ್ರತಿ ದಾಖಲಾತಿಗೂ ಹಿಂಬಾಲಿಸುತ್ತದೆ. ‘ಸಂಜೆ 6.40ಕ್ಕೆ ಇಂಜೆಕ್ಷನ್ ಕೊಡಲು ಮೂವರು ಒಟ್ಟಿಗೆ ಹೋದಾಗ ಎಡಗೈಯಿಂದ ನರ್ಸಿನ ಭುಜಕ್ಕೆ ಹೊಡೆದರು. ಇಬ್ಬರು ಹಿಂದೆ ಸರಿದು, ಒಬ್ಬರೇ ಮಾತಾಡಿದ ಮೇಲೆ ಹತ್ತು ನಿಮಿಷದಲ್ಲಿ ಶಾಂತರಾದರು’ ಎಂಬುದು ಹೆಚ್ಚು ನಿಷ್ಠುರ, ಹೆಚ್ಚು ಉಪಯುಕ್ತ. ಮುಂದಿನ ಸಲ ಮೂವರು ಹೋಗುವುದಿಲ್ಲ.

ಕಾನೂನೂ ಈಗ ಈ ಪುಟದ ಮೇಲೆ ಕಣ್ಣಿಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ರೋಗಿಗೆ ತನ್ನ ಮೂಲ ವೈದ್ಯಕೀಯ ದಾಖಲೆ ನೋಡುವ ಹಕ್ಕು ಕೊಡುತ್ತದೆ. ತೋರಿಸಿದರೆ ಅವರಿಗೆ ತೀವ್ರ ಮಾನಸಿಕ ಹಾನಿಯಾಗುವ ಅಥವಾ ಇನ್ನೊಬ್ಬರಿಗೆ ಅಪಾಯವಾಗುವ ಸಂದರ್ಭದಲ್ಲಿ ನಿರ್ದಿಷ್ಟ ಮಾಹಿತಿಯನ್ನಷ್ಟೇ ತಡೆಹಿಡಿಯಬಹುದು. ಯಾರನ್ನಾದರೂ ಕಟ್ಟಿಹಾಕಿ ನಿಯಂತ್ರಿಸಬೇಕಾಗಿ ಬಂದರೆ, ವಿಧಾನ, ಕಾರಣ, ಅವಧಿ ಕೂಡಲೇ ಟಿಪ್ಪಣಿಯಲ್ಲಿ ಬರಬೇಕೆಂದು 97ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸಬಾರದೆಂದು 115ನೇ ಸೆಕ್ಷನ್ ಹೇಳಿತು. ‘ಕೇಸಾಗುತ್ತದೆ’ ಎಂದು ಹೆದರಿ ಮನೆಯವರು ‘ಅಕಸ್ಮಾತ್ ಕುಡಿದುಬಿಟ್ಟರು’ ಎಂದು ಬರೆಸುತ್ತಿದ್ದ ಕಾಲವಿತ್ತು. ಹಾಗೆ ಬರೆಸಿದ ಫೈಲಿನಲ್ಲಿ ಮುಂದಿನ ಅಪಾಯ ಅಳೆಯಲು ಬೇಕಾದ ಮುಖ್ಯ ಸಂಗತಿಯೇ ಕಾಣೆಯಾಗುತ್ತಿತ್ತು.

ಅಡಚಣೆ ಇರುವುದು ಸಮಯದಲ್ಲಿ. ಜಿಲ್ಲಾಸ್ಪತ್ರೆಯ ಓಪಿಡಿಯಲ್ಲಿ ಹೊರಗೆ ಸಾಲು ನಿಂತಿರುವಾಗ ಇಪ್ಪತ್ತೈದು ನಿಮಿಷ ಯಾರಿಗೂ ಸಿಗುವುದಿಲ್ಲ. ಆದರೆ ಉದ್ದ ಬರೆಯುವುದೂ ಮದ್ದಲ್ಲ. ಕೋರ್ಟಿನ ಹೆದರಿಕೆಯಿಂದ ತುಂಬಿಸಿದ ಮೂರು ಪುಟಗಳಲ್ಲಿ ಕೊಟ್ಟಿಗೆಯ ಸಂಗತಿ ಹುದುಗಿಹೋದರೆ ಬರೆಯದಿದ್ದಂತೆಯೇ. ಐದು ನಿಮಿಷವಿದ್ದರೆ ನಾಲ್ಕು ಸಾಲು: ನಿನ್ನೆಗಿಂತ ಬದಲಾದದ್ದು, ರೋಗಿಯ ಬಾಯಿಂದ ಬಂದ ಒಂದು ವಾಕ್ಯ, ಸಾವಿನ ಯೋಚನೆಗೆ ಕೊಟ್ಟ ಉತ್ತರ, ಮುಂದೆ ಯಾರು ಏನು ಮಾಡುತ್ತಾರೆ. ಕೇಳಲಾಗದ್ದನ್ನು ‘ಇಲ್ಲ’ ಎಂದು ತುಂಬಿಸದೆ ‘ಇಂದು ಕೇಳಲಾಗಿಲ್ಲ’ ಎಂದೇ ಬಿಡಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಸಂಭವ ಹೆಚ್ಚೆಂದು ಅನೇಕ ದೇಶಗಳ ಅಂಕಿಅಂಶ ಒಂದೇ ದನಿಯಲ್ಲಿ ಹೇಳುತ್ತವೆ. ಅದಕ್ಕೇ ಬೆಳೆಗಾರರು ಮನೆಗೆ ಹೊರಡುವ ದಿನದ ಟಿಪ್ಪಣಿ ‘ಸುಧಾರಿಸಿದ್ದಾರೆ, ಒಂದು ತಿಂಗಳ ನಂತರ ಬರಲಿ’ ಎಂದಿರಬಾರದು. ‘ಹರಾಜಿನ ಮಾತಿಗೆ ಇಂದು, “ಆಗ ಹಾಗನ್ನಿಸಿತ್ತು, ಈಗ ಕಾಗದ ನಂಬ್ತೀನಿ” ಎಂದರು. ಬೆಳಗಿನ ಜಾವದ ಯೋಚನೆ ಎಂಟು ದಿನದಿಂದ ಬಂದಿಲ್ಲ. ರಾತ್ರಿ ನರ್ಸುಗಳ ಬರಹವೂ ಇದಕ್ಕೆ ಹೊಂದುತ್ತದೆ. ಕಾಲಿನ ಚಡಪಡಿಕೆ ಮಾತ್ರೆ ಇಳಿಸಿದ ಮೇಲೆ ನಿಂತಿದೆ. ಮತ್ತೆ ಬಂದರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ಫೋನ್ ಮಾಡಲು ತಿಳಿಸಿದೆ. ತೋಟದ ಔಷಧಿ ಮನೆಯಲ್ಲಿಲ್ಲ, ತಮ್ಮ ಖಚಿತಪಡಿಸಿದ್ದಾರೆ. ಏಳು ದಿನದ ಮಾತ್ರೆ ಮಾತ್ರ ಕೊಡಲಾಗಿದೆ, ಹೆಂಡತಿಯ ಕೈಯಲ್ಲಿರುತ್ತದೆ. ಇದಕ್ಕೆ ಅವರೂ ಒಪ್ಪಿದ್ದಾರೆ. ಮೂರನೇ ದಿನ ನಾವೇ ಫೋನ್ ಮಾಡುತ್ತೇವೆ, ಏಳನೇ ದಿನ ಭೇಟಿ. ರಾತ್ರಿ ತಡೆಯಲಾಗದಿದ್ದರೆ ಟೆಲಿ-ಮಾನಸ್ 14416. ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ, ಹೆಂಡತಿಯ ಮೊಬೈಲಿನಲ್ಲಿ ಉಳಿಸಿಕೊಡಲಾಗಿದೆ. ಈ ಟಿಪ್ಪಣಿಯನ್ನು ಅವರಿಗೆ ಓದಿ ಹೇಳಲಾಯಿತು. ದಾಖಲಾದ ತಾರೀಖು ತಪ್ಪಾಗಿದೆ ಎಂದರು, ಒಂದೇ ಗೆರೆ ಎಳೆದು ತಿದ್ದಿ ಸಹಿ ಹಾಕಲಾಗಿದೆ.’